ಕೂಗಾಟ ಬಿಟ್ಟು ಲೆಕ್ಕ ಹಿಡಿದೆ

2024ರ ಟಿ20 ವಿಶ್ವಕಪ್ ಫೈನಲ್‌ನ ಕಾಮೆಂಟರಿ ಬರಹವನ್ನು ಅರ್ಧ ಪುಟಕ್ಕೆ ಇಳಿಸಿ ಮಂಡ್ಯದ ಮಾವನಿಗೆ ಕಳಿಸಿದ್ದೆ. ಓದಿ, "ಸಿಕ್ಸರ್, ಔಟು ಎಲ್ಲಾ ಇದೆ. ಮ್ಯಾಚ್ ತಿರುಗಿದ್ದು ಎಲ್ಲಪ್ಪಾ?" ಅಂದರು.

ತಪ್ಪು ಗೊತ್ತಾಯಿತು. ಕಾಮೆಂಟರಿಯವರು ಎಲ್ಲಿ ಜೋರಾಗಿ ಕೂಗಿದ್ದರೋ ಅದನ್ನೇ ಆರಿಸಿದ್ದೆ. ರಿಪ್ಲೇ ಮಾತು ಸೇರಿ ಒಂದು ವಿಕೆಟ್ ಎರಡು ಸಲ ಬೇರೆ ಬಂದಿತ್ತು!

ಈ ಸಲ ಪ್ರತಿ ಓವರ್ ಮುಗಿದಾಗ ಬೇಕಿದ್ದ ರನ್, ಉಳಿದ ಬಾಲ್ ಮಾತ್ರ ಬರೆದುಕೊಂಡೆ. 15ನೇ ಓವರ್‌ನಲ್ಲಿ ಅಕ್ಷರ್ 24 ಕೊಟ್ಟ ಮೇಲೆ ದಕ್ಷಿಣ ಆಫ್ರಿಕಾಕ್ಕೆ 30 ಬಾಲಿಗೆ 30 ಸಾಕಿತ್ತು. 17 ಓವರ್ ಆದಾಗ 18ಕ್ಕೆ 22. ಬುಮ್ರಾ 18ನೇ ಓವರ್‌ನಲ್ಲಿ ಕೊಟ್ಟದ್ದು ಬರೀ 2 ರನ್. ಅಲ್ಲಿಗೆ 12 ಬಾಲಿಗೆ 20! ನನ್ನ ಮೊದಲ ಬರಹದಲ್ಲಿ ಈ ಓವರ್‌ಗೆ ಸಿಕ್ಕಿದ್ದು ಒಂದೇ ಸಾಲು. ಸೂರ್ಯಕುಮಾರ್ ಕ್ಯಾಚಿಗೆ ಆರು ಸಾಲು, ಆದರೆ ಅಷ್ಟೊತ್ತಿಗಾಗಲೇ 6 ಬಾಲಿಗೆ 16 ಬೇಕಿತ್ತು.

ಸುಮ್ನೆ ರನ್ ಲೆಕ್ಕವೂ ಸಾಲದು. 17ನೇ ಓವರ್‌ನ ಮೊದಲ ಬಾಲಿಗೆ 27ಕ್ಕೆ 52 ಹೊಡೆದಿದ್ದ ಕ್ಲಾಸೆನ್ ಔಟಾದದ್ದರ ತೂಕ ಅಂಕಿಯಲ್ಲಿ ಕಾಣಲ್ಲ. ಅದಕ್ಕೆ ಕ್ರೀಸಿನಲ್ಲಿ ಯಾರಿದ್ದಾರೆ ಅಂತ ಇನ್ನೊಂದು ಕಾಲಂ ಸೇರಿಸಿದೆ.