ಎಚ್‌ಆರ್‌ಗೆ ಬರೆಯುವುದು ಅರ್ಜಿ ಅಲ್ಲ: ಬ್ರಿಟನ್‌ನಲ್ಲಿ ಕೆಲಸ ಮಾಡುವ ನಮ್ಮ ಊರಿನವರಿಗೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಚಿಕ್ಕಮ್ಮನ ಮಗಳ ಫೋನು. ಇಲ್ಲಿ ಉಡುಪಿಯಲ್ಲಿ ನಾವೆಲ್ಲ ಮಲಗುವ ಹೊತ್ತು, ಅಲ್ಲಿ ಅವಳಿಗೆ ಸಂಜೆ ಏಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಹೋದವಳು, ಇಂಗ್ಲೆಂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. "ಅಕ್ಕ, ಎಚ್‌ಆರ್‌ಗೆ ಒಂದು ಕಂಪ್ಲೇಂಟ್ ಬರೆದಿದ್ದೇನೆ, ಕಳಿಸುವ ಮೊದಲು ಒಮ್ಮೆ ಓದಿ ನೋಡು" ಅಂದಳು. ನಾನು ಅಲ್ಲಿ ಒಂಬತ್ತು ವರ್ಷ ಎಚ್‌ಆರ್ ಆಫೀಸಿನಲ್ಲೇ ಇದ್ದವಳು, ಹಾಗಾಗಿ ಇಂಥದ್ದೆಲ್ಲ ನನ್ನ ಹತ್ತಿರವೇ ಬರುತ್ತದೆ.

ಓದಿದೆ. ನಾಲ್ಕು ಪುಟ. ಮೇಲೆ "ವಿಷಯ", ಕೆಳಗೆ "ಮಾನ್ಯರೇ", ನಡುವೆ ತಾನು ಎಷ್ಟು ಕಷ್ಟಪಟ್ಟು ದುಡಿಯುತ್ತೇನೆ ಅಂತ ಒಂದು ಪುಟ, ಟೀಮ್ ಲೀಡರ್ ಎಂಥ ಕೆಟ್ಟ ಹೆಂಗಸು ಅಂತ ಒಂದೂವರೆ ಪುಟ, ಕೊನೆಗೆ "ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ". ಇಂಗ್ಲಿಷಿನಲ್ಲೇ ಬರೆದಿದ್ದಳು, ಆದರೆ ಅದು ತಾಲೂಕು ಆಫೀಸಿಗೆ ಕೊಡುವ ಅರ್ಜಿಯೇ ಆಗಿತ್ತು. ಅಷ್ಟೂ ಪುಟದಲ್ಲಿ ಒಂದು ತಾರೀಖಿಲ್ಲ!

ಊರಿನ ಅರ್ಜಿಯಲ್ಲಿ ನಾವು ನಮ್ಮ ಕಷ್ಟ ಹೇಳಿಕೊಳ್ಳುತ್ತೇವೆ, ಓದುವ ಅಧಿಕಾರಿಗೆ ಕನಿಕರ ಬಂದರೆ ಕೆಲಸ ಆಗುತ್ತದೆ. ಬ್ರಿಟನ್‌ನಲ್ಲಿ ಹಾಗಲ್ಲ. ಅಲ್ಲಿ ನಿಮ್ಮ ಪತ್ರ ಹಿಡಿದುಕೊಂಡು ಬೇರೆ ಒಬ್ಬ ಮ್ಯಾನೇಜರ್ ತನಿಖೆಗೆ ಕೂರುತ್ತಾರೆ. ಯಾವತ್ತು, ಎಲ್ಲಿ, ಯಾರಿದ್ದರು, ಏನು ಹೇಳಿದರು ಅಂತ ಒಂದೊಂದೇ ವಾಕ್ಯ ಎತ್ತಿ ಸಾಕ್ಷಿಗಳನ್ನು ಕೇಳುತ್ತಾರೆ. ಕೇಳಲಿಕ್ಕೆ ಆಗದ ವಾಕ್ಯ ಅವರಿಗೆ ಪ್ರಯೋಜನಕ್ಕಿಲ್ಲ. "ಅವಳು ನನ್ನನ್ನು ಯಾವಾಗಲೂ ಹೀನಾಯವಾಗಿ ನೋಡುತ್ತಾಳೆ" ಅನ್ನುವುದನ್ನು ಯಾರ ಹತ್ತಿರ ಹೋಗಿ ಕೇಳುವುದು ಮಾರಾಯ್ತಿ?

ಇಂಥ ಲಿಖಿತ ದೂರಿಗೆ ಅಲ್ಲಿ ಗ್ರೀವೆನ್ಸ್ ಅನ್ನುತ್ತಾರೆ. ಇದು ಹೇಗೆ ನಡೆಯಬೇಕು ಅಂತ ಏಕಾಸ್ ಎಂಬ ಸರ್ಕಾರಿ ಸಂಸ್ಥೆಯ ಒಂದು ಸಂಹಿತೆ ಉಂಟು. ದೂರು ಬರವಣಿಗೆಯಲ್ಲಿ ಬರಬೇಕು, ತಡಮಾಡದೆ ಬರಬೇಕು, ಯಾರ ಮೇಲೆ ದೂರೋ ಅವರಲ್ಲದ ಮ್ಯಾನೇಜರ್‌ಗೆ ಬರಬೇಕು. ಆಮೇಲೆ ಕಂಪನಿ ನಿಮ್ಮನ್ನು ಒಂದು ಮೀಟಿಂಗಿಗೆ ಕರೆಯಬೇಕು, ತೀರ್ಮಾನ ಬರೆದು ಕೊಡಬೇಕು, ಅದರ ಮೇಲೆ ಅಪೀಲು ಹೋಗಲು ಅವಕಾಶ ಕೊಡಬೇಕು. ನಿಮ್ಮ ಸ್ಟಾಫ್ ಹ್ಯಾಂಡ್‌ಬುಕ್‌ನಲ್ಲಿ ಗ್ರೀವೆನ್ಸ್ ಪಾಲಿಸಿ ಅಂತ ಒಂದು ಭಾಗ ಇರುತ್ತದೆ, ಯಾರಿಗೆ ಮೇಲ್ ಮಾಡಬೇಕು ಅಂತ ಅದರಲ್ಲೇ ಇರುತ್ತದೆ. ಅದನ್ನು ಮೊದಲು ಓದಿ.

ಸರಿ, ನಾವು ಆ ನಾಲ್ಕು ಪುಟವನ್ನು ಒಂದು ಪುಟ ಮಾಡಿದೆವು. ಎರಡು ರಾತ್ರಿ ಹಿಡಿಯಿತು. ಮೊದಲು ನಾನು ಅವಳಿಗೆ ಬರೆಯಲು ಬಿಡಲಿಲ್ಲ, ಸುಮ್ನೆ ಹೇಳು ಅಂದೆ. ನಾನು ಕೇಳುವುದು, ಅವಳು ಹಳೆ ವಾಟ್ಸಾಪ್, ಶಿಫ್ಟ್ ಆಪ್ ಎಲ್ಲ ನೋಡಿ ದಿನ ಹುಡುಕುವುದು. "ಮಾರ್ಚ್ ಶುರುವಿನಲ್ಲಿ" ಅಂದಿದ್ದು ಕೊನೆಗೆ ಹೀಗೆ ಬಂತು:

"ಮಾರ್ಚ್ 4, ಮಂಗಳವಾರ, ಬೆಳಿಗ್ಗೆ ಸುಮಾರು 7.40. ನರ್ಸ್ ಸ್ಟೇಷನ್‌ನಲ್ಲಿ ನಾನು ಹ್ಯಾಂಡೋವರ್ ಕೊಡುತ್ತಿದ್ದೆ. ಟೀಮ್ ಲೀಡರ್ 'ಇವಳಿಗೆ ಸಬ್‌ಟೈಟಲ್ ಹಾಕಬೇಕು' ಎಂದರು. ಇಬ್ಬರು ಕೇರರ್‌ಗಳು ಅಲ್ಲಿದ್ದರು. ನಾನು ಏನೂ ಹೇಳದೆ ಹ್ಯಾಂಡೋವರ್ ಮುಗಿಸಿದೆ."

"ಮಾರ್ಚ್ 19, ಬುಧವಾರ, ಮಧ್ಯಾಹ್ನ ಸುಮಾರು 1.20. ಸ್ಟಾಫ್ ರೂಮಿನಲ್ಲಿ ನಾನು ಊಟ ಬಿಸಿ ಮಾಡುತ್ತಿದ್ದೆ. ಅವರು 'ಇದನ್ನು ನಿಮ್ಮ ಜನರ ಜೊತೆ ಹೊರಗೆ ಹೋಗಿ ತಿನ್ನು' ಎಂದರು. ಒಬ್ಬ ಸಹೋದ್ಯೋಗಿ ಕೇಳಿಸಿಕೊಂಡಿದ್ದಾರೆ."

ಬಂಗುಡೆ ಗಸಿ ಅದು, ಅವಳೇ ಮಾಡಿದ್ದು. ಪತ್ರದಲ್ಲಿ ಮೀನಿನ ವಿಷಯ ಬೇಡ ಅಂದೆ, ಯಾಕೆಂದರೆ ಸ್ಟಾಫ್ ರೂಮಿನಲ್ಲಿ ಮೀನು ಬಿಸಿ ಮಾಡಬಾರದು ಅಂತ ರೂಲ್ ಉಂಟೋ ಇಲ್ಲವೋ ಅಂತ ಚರ್ಚೆ ಅತ್ತ ಹೋಗಿಬಿಡುತ್ತದೆ. ಮೀಟಿಂಗಿನಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು ಅಂದೆ.

ನೋಡಿ, ಹೆಸರಿನ ಜಾಗದಲ್ಲಿ ನಾನಿಲ್ಲಿ ಟೀಮ್ ಲೀಡರ್, ಕೇರರ್ ಅಂತ ಹಾಕಿದ್ದೇನೆ. ನಿಜವಾದ ಪತ್ರದಲ್ಲಿ ಪೂರ್ತಿ ಹೆಸರೇ ಬರೆಯಬೇಕು. ಸಮಯ ಸರಿಯಾಗಿ ನೆನಪಿಲ್ಲದಿದ್ದರೆ "ಸುಮಾರು" ಅಂತ ಬರೆಯಿರಿ, ಊಹಿಸಿ ಬರೆಯಬೇಡಿ. ಆ ದಿನ ಅವರು ರಜೆಯಲ್ಲಿದ್ದರು ಅಂತ ಗೊತ್ತಾದರೆ ಉಳಿದ ನಿಜವೂ ಸುಳ್ಳಿನ ಹಾಗೆ ಕಾಣುತ್ತದೆ. ಆಡಿದ ಮಾತನ್ನು ಅವರು ಆಡಿದ ಹಾಗೇ ಹಾಕಿ, "ಅವಮಾನ ಮಾಡಿದರು" ಅಂತ ಮಾತ್ರ ಬರೆದರೆ ಅದು ನಿಮ್ಮ ತೀರ್ಪು.

ಮೂರನೆಯದು ರೋಟಾ, ಅಂದರೆ ಶಿಫ್ಟ್ ಪಟ್ಟಿಯ ವಿಷಯ. ಇದರಲ್ಲಿ ನಮಗಿಬ್ಬರಿಗೂ ಸಣ್ಣ ಜಗಳವೇ ಆಯಿತು. "ಸೇಡಿಗಾಗಿ ನನಗೆ ವೀಕೆಂಡ್ ನೈಟ್ ಶಿಫ್ಟ್ ಹಾಕುತ್ತಿದ್ದಾಳೆ" ಅಂತ ಬರೆದಿದ್ದಳು. ಸೇಡು ಅಂತ ನಿನಗೆ ಹೇಗೆ ಗೊತ್ತು? ಗೊತ್ತಿರುವುದು ಎಷ್ಟು, ಎಣಿಸು ಅಂದೆ. ಆಪ್ ತೆಗೆದು ಎಣಿಸಿದಳು. ಹಾಗಾಗಿ ಪತ್ರದಲ್ಲಿ ಬಂದದ್ದು: "ಫೆಬ್ರವರಿ ಮತ್ತು ಮಾರ್ಚ್‌ನ 9 ವೀಕೆಂಡ್‌ಗಳಲ್ಲಿ 7ರಲ್ಲಿ ನನಗೆ ನೈಟ್ ಶಿಫ್ಟ್ ಬಂದಿದೆ. ಶಿಫ್ಟ್ ಹಂಚುವುದು ಇದೇ ಟೀಮ್ ಲೀಡರ್. ಇದಕ್ಕೂ ಮೇಲಿನ ಘಟನೆಗಳಿಗೂ ಸಂಬಂಧ ಇದೆಯೇ ಎಂದು ನನಗೆ ಗೊತ್ತಿಲ್ಲ. ಬೇರೆ ನರ್ಸ್‌ಗಳ ಲೆಕ್ಕದ ಜೊತೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ."

ಹಾಗಂತ ತಟಸ್ಥ ಭಾಷೆ ಅಂದರೆ ಮೆತ್ತಗೆ ಬರೆಯುವುದು ಅಂತ ತಿಳಿಯಬೇಡಿ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ರೇಸ್ ಅನ್ನುವ ಪದ ದೊಡ್ಡ ಪದ, ಬರೆದರೆ ಗಲಾಟೆ ಆಗುತ್ತದೆ ಅಂತ ಬಿಟ್ಟುಬಿಡುತ್ತಾರೆ. 2010ರ ಈಕ್ವಾಲಿಟಿ ಆಕ್ಟ್‌ನಲ್ಲಿ ರೇಸ್ ಅಂದರೆ ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲ ಸೇರುತ್ತದೆ. ತಾರತಮ್ಯ ಆಗಿದೆ ಅಂತ ಪ್ರಾಮಾಣಿಕವಾಗಿ ದೂರು ಕೊಟ್ಟವರಿಗೆ ಅದೇ ಕಾರಣಕ್ಕೆ ತೊಂದರೆ ಕೊಟ್ಟರೆ ಅದೂ ಆ ಕಾನೂನಿನಲ್ಲಿ ತಪ್ಪು, ಅದಕ್ಕೆ ವಿಕ್ಟಿಮೈಸೇಶನ್ ಅನ್ನುತ್ತಾರೆ. ಆದರೆ ಪತ್ರದಲ್ಲಿ ಬರೀ "ನನಗೆ ಅನ್ಯಾಯ ಆಗಿದೆ" ಅಂತಿದ್ದು ರೇಸ್ ವಿಷಯ ಎಲ್ಲೂ ಕಾಣದಿದ್ದರೆ ಆ ರಕ್ಷಣೆ ಸಿಗುವುದು ಕಷ್ಟ. ಹಾಗಾಗಿ ಒಂದೇ ಸಾಲು ಸೇರಿಸಿದೆವು: "ಮಾರ್ಚ್ 4 ಮತ್ತು 19ರ ಮಾತುಗಳು ನನ್ನ ರೇಸ್‌ಗೆ ಸಂಬಂಧಿಸಿದ ಕಿರುಕುಳ ಎಂದು ನಾನು ಭಾವಿಸುತ್ತೇನೆ." ರೇಸಿಸ್ಟ್ ಅಂತ ಅವರನ್ನು ಎಲ್ಲೂ ಕರೆಯಲಿಲ್ಲ. ಕರೆಯುವ ಅಗತ್ಯವೂ ಇರಲಿಲ್ಲ.

ಇನ್ನು ಆ "ಸೂಕ್ತ ಕ್ರಮ". ಹಾಗೆ ಬರೆದರೆ ನಿಮಗೆ ಏನು ಬೇಕು ಅಂತ ಎಚ್‌ಆರ್ ತಾವೇ ತೀರ್ಮಾನ ಮಾಡುತ್ತಾರೆ, ಅವರಿಗೆ ಸುಲಭವಾದದ್ದನ್ನೇ. ಒಂದು ಚಾ ಕುಡಿಸಿ ಇಬ್ಬರನ್ನೂ ಕೂರಿಸಿ ಮಾತಾಡಿಸಿ ಮುಗಿಸಿದರೂ ಅದು ಸೂಕ್ತ ಕ್ರಮವೇ ಅಲ್ವಾ? ಹಾಗಂತ "ಅವಳನ್ನು ತೆಗೆದುಹಾಕಿ" ಅಂತಲೂ ಕೇಳಬಾರದು. ಶಿಕ್ಷೆ ಕಂಪನಿಯ ಕೈಯಲ್ಲಿ. ಏನು ಶಿಕ್ಷೆ ಆಯಿತು ಅಂತ ಹೆಚ್ಚಾಗಿ ನಿಮಗೆ ಹೇಳುವುದೂ ಇಲ್ಲ. ಅವರು ಮಾಡಬಹುದಾದ್ದನ್ನು, ಆಯಿತೋ ಇಲ್ಲವೋ ಅಂತ ನಿಮಗೂ ತಿಳಿಯುವಂಥದ್ದನ್ನು ಕೇಳಬೇಕು. ಅವಳು ಮೂರು ಕೇಳಿದಳು. ಇದನ್ನು ಔಪಚಾರಿಕ ಗ್ರೀವೆನ್ಸ್ ಆಗಿ ತೆಗೆದುಕೊಂಡು ತನಿಖೆ ಮಾಡಿ ಫಲಿತಾಂಶ ಬರೆದು ಕೊಡಬೇಕು. ಅದು ಮುಗಿಯುವವರೆಗೆ ತನ್ನ ಹ್ಯಾಂಡೋವರ್ ಮತ್ತು ರೋಟಾ ಬೇರೆಯವರು ನೋಡಿಕೊಳ್ಳಬೇಕು. ಪತ್ರ ತಲುಪಿದೆ, ಮುಂದಿನ ಹಂತ ಇದು ಅಂತ ಏಪ್ರಿಲ್ 17ರ ಒಳಗೆ ತಿಳಿಸಬೇಕು. ಏಪ್ರಿಲ್ 10ರಂದು ಮೇಲ್ ಹೋಯಿತು. ಮೇಲ್‌ನ ಸಬ್ಜೆಕ್ಟಿನಲ್ಲೂ ಫಾರ್ಮಲ್ ಗ್ರೀವೆನ್ಸ್ ಅಂತಲೇ ಹಾಕಿದಳು, ಇಲ್ಲದಿದ್ದರೆ ಅದು ಮಾಮೂಲಿ ಮಾತುಕತೆ ಅಂತ ಬದಿಗೆ ಹೋಗುವುದುಂಟು.

ಪುರಾವೆ ಸೇರಿಸುವ ಭರದಲ್ಲಿ ಅವಳು ಹ್ಯಾಂಡೋವರ್ ಶೀಟಿನ ಫೋಟೋ ತೆಗೆದಿಟ್ಟುಕೊಂಡಿದ್ದಳು. ನನಗೆ ಎದೆ ಧಸಕ್ ಅಂತು. ಅದರಲ್ಲಿ ಅಲ್ಲಿರುವ ವೃದ್ಧರ ಹೆಸರು, ಕಾಯಿಲೆ ಎಲ್ಲ ಇರುತ್ತದೆ. ಅದು ನಿಮ್ಮ ಫೋನಿಗೆ ಬಂದರೆ ದೂರು ಕೊಟ್ಟ ನೀವೇ ಶಿಸ್ತು ಕ್ರಮ ಎದುರಿಸಬೇಕಾದೀತು, ನರ್ಸ್ ರಿಜಿಸ್ಟ್ರೇಷನ್ನಿಗೂ ತೊಂದರೆ. ಕದ್ದು ರೆಕಾರ್ಡ್ ಮಾಡುವುದೂ ಅಷ್ಟೇ ಅಪಾಯ. ನಿಮ್ಮದೇ ಡೈರಿ ಸಾಕು, ಘಟನೆ ನಡೆದ ದಿನವೇ ಬರೆದದ್ದಾದರೆ ಅದಕ್ಕೆ ತೂಕ ಜಾಸ್ತಿ. ದಾಖಲೆ ಎಲ್ಲುಂಟು ಅಂತ ಪತ್ರದಲ್ಲಿ ಹೇಳಿ, ತೆಗೆಯುವುದು ಅವರ ಕೆಲಸ.

ಎಚ್‌ಆರ್‌ನವರು ಕಂಪನಿಯ ಕಡೆಯವರು, ನಿಮ್ಮ ವಕೀಲರಲ್ಲ. ಗುಟ್ಟಾಗಿ ಇಡುತ್ತೇವೆ ಅಂದರೂ ಯಾರ ಮೇಲೆ ದೂರೋ ಅವರಿಗೆ ವಿಷಯ ತಿಳಿದೇ ತಿಳಿಯುತ್ತದೆ, ಅವರ ಉತ್ತರ ಕೇಳದೆ ತನಿಖೆ ಆಗುವುದಿಲ್ಲವಲ್ಲ.

ಎಲ್ಲಕ್ಕಿಂತ ಮುಖ್ಯ ಗಡುವು. ತಾರತಮ್ಯದ ವಿಷಯ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್, ಅಂದರೆ ಉದ್ಯೋಗ ನ್ಯಾಯಮಂಡಳಿಗೆ ಹೋಗಬೇಕಾದರೆ, ಅವಳು ದೂರು ಕೊಟ್ಟಾಗ ಇದ್ದ ನಿಯಮ ಮೂರು ತಿಂಗಳಿಗೆ ಒಂದು ದಿನ ಕಮ್ಮಿ. ಮಾರ್ಚ್ 4ರ ಘಟನೆಗೆ ಲೆಕ್ಕ ಹಾಕಿದರೆ ಜೂನ್ 3. ಅದರೊಳಗೆ ಏಕಾಸ್‌ಗೆ ತಿಳಿಸಿ ಅರ್ಲಿ ಕನ್ಸಿಲಿಯೇಶನ್ ಎಂಬ ರಾಜಿ ಪ್ರಯತ್ನ ಶುರುಮಾಡಬೇಕು. ಎಚ್‌ಆರ್ ತನಿಖೆ ನಡೆಯುತ್ತಿದೆ ಅಂತ ಈ ಗಡಿಯಾರ ನಿಲ್ಲುವುದಿಲ್ಲ! ತನಿಖೆ ಮುಗಿಯಲಿ ಅಂತ ಕಾದು ಅವಕಾಶ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಗಡುವನ್ನು ಆರು ತಿಂಗಳು ಮಾಡುವ ಕಾನೂನು 2025ರಲ್ಲಿ ಪಾಸಾಗಿದೆ. ನಿಮ್ಮ ಘಟನೆಗೆ ಯಾವುದು ಅನ್ವಯ ಅಂತ ಏಕಾಸ್ ವೆಬ್‌ಸೈಟಿನಲ್ಲಿ ನೋಡಿ, ಇಲ್ಲವೇ 0300 123 1100ಕ್ಕೆ ಫೋನ್ ಮಾಡಿ. ನಾನು ಹೇಳಿದ್ದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ. ನಾರ್ದರ್ನ್ ಐರ್ಲೆಂಡ್‌ನಲ್ಲಿ ಕಾನೂನು ಬೇರೆ.

ವೀಸಾ ಭಯವೂ ಇರುತ್ತದೆ. ದೂರು ಕೊಟ್ಟ ಮಾತ್ರಕ್ಕೆ ವೀಸಾ ಹೋಗುವುದಿಲ್ಲ. ಆದರೆ ಕೆಲಸವೇ ಹೋದರೆ ಸ್ಪಾನ್ಸರ್ ಹೋಮ್ ಆಫೀಸಿಗೆ ತಿಳಿಸಲೇಬೇಕು, ಆಮೇಲೆ ಸಾಮಾನ್ಯವಾಗಿ 60 ದಿನಕ್ಕೆ ವೀಸಾ ಮೊಟಕು ಮಾಡುತ್ತಾರೆ. ಹಾಗಾಗಿ ಸಿಟ್ಟಿನಲ್ಲಿ ರಾಜೀನಾಮೆ ಬರೆದು ದೂರಿನ ಜೊತೆ ಲಗತ್ತಿಸಬೇಡಿ. ಇವಳ ಮೊದಲ ಡ್ರಾಫ್ಟಿನಲ್ಲಿ ಆ ಬೆದರಿಕೆಯೂ ಇತ್ತು.

ಮೀಟಿಂಗ್ ಏಪ್ರಿಲ್ 24ಕ್ಕೆ ಆಯಿತು. ಇಂಥ ಮೀಟಿಂಗಿಗೆ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಜೊತೆಗೆ ಕರೆದುಕೊಂಡು ಹೋಗಲು ಕಾನೂನು ಹಕ್ಕು ಕೊಡುತ್ತದೆ. ಗಂಡನನ್ನೋ ಫ್ರೆಂಡನ್ನೋ ಅಲ್ಲ. ಅವಳ ಜೊತೆ ಒಬ್ಬ ಮಲಯಾಳಿ ನರ್ಸ್ ಹೋಗಿದ್ದರು. ಮೇ ತಿಂಗಳ ಮಧ್ಯದಲ್ಲಿ ಉತ್ತರ ಬಂತು. ಎರಡೂ ಮಾತುಗಳು ಸಾಬೀತಾದವು, ಸಾಕ್ಷಿಗಳು ಹೌದು ಅಂದಿದ್ದರು. ರೋಟಾ ಮಾತ್ರ ಸಾಬೀತಾಗಲಿಲ್ಲ: ಇನ್ನಿಬ್ಬರು ನರ್ಸ್‌ಗಳಿಗೂ ಒಂಬತ್ತರಲ್ಲಿ ಆರಾರು ವೀಕೆಂಡ್ ನೈಟ್ ಬಿದ್ದಿತ್ತಂತೆ, ಅದರಲ್ಲಿ ಒಬ್ಬಳು ಅಲ್ಲಿಯವಳೇ.

"ಅಕ್ಕ, ಸೇಡು ಅಂತ ಬರೆದಿದ್ದರೆ ಎಂತ ಆಗ್ತಿತ್ತು?" ಅಂತ ಕೇಳಿದಳು. ನಾನು ಅದಕ್ಕೆ ಉತ್ತರ ಕೊಡಲಿಲ್ಲ, ಜೂನ್ 3 ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀಯಾ ಅಂತ ಕೇಳಿದೆ. ಫಲಿತಾಂಶ ಅವಳ ಕಡೆ ಬಂದಿದ್ದರೂ ಅಪೀಲು, ಏಕಾಸ್ ಎರಡೂ ಬೇಡ ಅಂತ ಅವಳು ತೀರ್ಮಾನ ಮಾಡಿದ್ದು ಮೇ 30ಕ್ಕೆ.