ಚಿತ್ರದಲ್ಲಿರುವುದು ಅಜ್ಜನೇ ಹೌದೇ? ಎಐ ರಚಿಸಿದ ಮುಖದ ಹೋಲಿಕೆಯನ್ನು ಪರೀಕ್ಷಿಸುವ ಕ್ರಮ

ಬದಿಯಡ್ಕದ ಸಮೀಪದ ಒಂದು ಮನೆಯವರು ಹೊಸಮನೆಯ ಒಕ್ಕಲಿಗೆ ಮುಂಚಿತವಾಗಿ ಚಾವಡಿಯಲ್ಲಿ ತೂಗುಹಾಕಲೆಂದು, ನಾಲ್ಕು ದಶಕಗಳ ಹಿಂದೆ ತೀರಿಕೊಂಡ ಅಜ್ಜನ ದೊಡ್ಡ ಮುಖಚಿತ್ರವೊಂದನ್ನು ಎಐ ತಂತ್ರಾಂಶದಿಂದ ಮಾಡಿಸಿದ್ದರು. ಆಧಾರವಾಗಿ ಕೊಟ್ಟದ್ದು ಮದುವೆಯೊಂದರ ಗುಂಪುಫೋಟೊ. ಅದರ ಸ್ಕ್ಯಾನಿನಲ್ಲಿ ಅಜ್ಜನ ಮುಖದ ಅಗಲ ಅರುವತ್ತು ಪಿಕ್ಸೆಲ್‌ಗಳಷ್ಟೂ ಇರಲಿಲ್ಲ. ಬಂದ ಚಿತ್ರ ಸ್ಪಷ್ಟವಾಗಿತ್ತು, ಮೊಮ್ಮಕ್ಕಳಿಗೆಲ್ಲ ಮೆಚ್ಚುಗೆಯಾಯಿತು. ಅಜ್ಜಿ ಮಾತ್ರ ಬಹಳ ಹೊತ್ತು ನೋಡಿ, “ಇದು ಅವರಲ್ಲ ಮಗಾ, ಅವರ ತಮ್ಮನ ಹಾಗೆ ಕಾಣುತ್ತದೆ” ಎಂದರು. ಆ ಮಾತು ಸರಿಯೇ ಎಂದು ತಿಳಿಯಲು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬೇಕಾದದ್ದು ಫೋಟೊಗಳನ್ನು ಬೇರ್ಪಡಿಸುವ ಕೆಲಸ. ತಂತ್ರಾಂಶಕ್ಕೆ ಕೊಟ್ಟ ಫೋಟೊ ಒಂದು ಕಡೆ ಇರಲಿ. ಅದಕ್ಕೆ ತೋರಿಸದೆ ಉಳಿಸಿಕೊಂಡ ಅದೇ ವ್ಯಕ್ತಿಯ ಬೇರೆ ಫೋಟೊಗಳು ಇನ್ನೊಂದು ಕಡೆ ಇರಲಿ. ನಮಗೆ ಬ್ಯಾಂಕಿನ ಪಾಸ್‌ಬುಕ್ಕಿನದ್ದು, ಸಹಕಾರಿ ಸಂಘದ ಸಭೆಯದ್ದು ಮತ್ತು ಮಗಳ ಮದುವೆಯದ್ದು, ಹೀಗೆ ಮೂರು ಸಿಕ್ಕಿದವು. ಅಜ್ಜನ ತಮ್ಮನ ಎರಡು ಫೋಟೊಗಳನ್ನೂ ತರಿಸಿಕೊಂಡೆವು. ಮನೆಯವರಿಗೆ ಇದು ಅನಾವಶ್ಯಕವೆನಿಸಿತ್ತು, ಆದರೆ ಪರೀಕ್ಷೆಯ ಜೀವಾಳ ಅದೇ ಆಯಿತು.

ಅನಂತರ ಜನರನ್ನು ಕೇಳಬೇಕು, ಆದರೆ ಯಾರನ್ನು ಎಂಬುದು ಮುಖ್ಯ. ಪರಿಚಯವಿಲ್ಲದವರ ಮುಖಗಳನ್ನು ಹೋಲಿಸುವುದರಲ್ಲಿ ನಾವು ನೆನೆಸಿದ್ದಕ್ಕಿಂತ ಬಹಳ ದುರ್ಬಲರು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಇಬ್ಬರು ಡಚ್ ಪ್ರಸಿದ್ಧರ ತಲಾ 20 ಫೋಟೊಗಳನ್ನು ಬೆರೆಸಿಕೊಟ್ಟು, ಒಬ್ಬೊಬ್ಬರದ್ದನ್ನು ಒಂದೊಂದು ರಾಶಿ ಮಾಡಲು ಹೇಳಿದಾಗ, ಅವರನ್ನು ಅರಿಯದ ಬ್ರಿಟಿಷರು ಏಳೆಂಟು ಜನರಿದ್ದಾರೆಂಬಂತೆ ರಾಶಿ ಮಾಡಿದರು. ಅವರನ್ನು ಬಲ್ಲ ಡಚ್ಚರಿಗೆ ಇಬ್ಬರೇ ಕಂಡರು. ಪರಿಚಿತರು ಕಣ್ಣು, ಮೂಗು, ಬಾಯಿಗಳಿಂದ ಗುರುತು ಹಿಡಿದರೆ, ಅಪರಿಚಿತರು ಕೂದಲು ಮತ್ತು ಮುಖದ ಹೊರರೇಖೆಯನ್ನೇ ಹೆಚ್ಚು ನಂಬುತ್ತಾರೆ. ಅಜ್ಜನನ್ನು ಕಾಣದ ಮೊಮ್ಮಕ್ಕಳಿಗೆ ಬೋಳುತಲೆ ಮತ್ತು ಮೀಸೆ ಸರಿಯಿದ್ದರೆ ಸಾಕಾದದ್ದು ಹೀಗೆ. ಅವರ ಮೆಚ್ಚುಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಬಲ್ಲವರನ್ನು ಕೇಳುವಾಗಲೂ “ಇದು ಅಜ್ಜನ ಹಾಗಿದೆಯೇ?” ಎಂದು ಕೇಳಿದರೆ ಉತ್ತರ ಹಾಳಾಗುತ್ತದೆ, ಏಕೆಂದರೆ ಹೆಸರು ಕಿವಿಗೆ ಬಿದ್ದ ಕೂಡಲೇ ಮನಸ್ಸು ಹೋಲಿಕೆಯನ್ನು ಹುಡುಕತೊಡಗುತ್ತದೆ. ನಾವು ರಚಿತ ಚಿತ್ರ, ಅಜ್ಜನ ಒಂದು ನಿಜ ಫೋಟೊ, ತಮ್ಮನ ಫೋಟೊ ಮತ್ತು ಅದೇ ಪ್ರಾಯದ ಬೇರೆ ಇಬ್ಬರ ಫೋಟೊಗಳನ್ನು ಒಂದೇ ಅಳತೆಯಲ್ಲಿ, ಕಪ್ಪುಬಿಳುಪಿನಲ್ಲಿ ಮುದ್ರಿಸಿ, ಅಜ್ಜನನ್ನು ಹತ್ತಿರದಿಂದ ಬಲ್ಲ ಐವರು ಹಿರಿಯರಿಗೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ತೋರಿಸಿ, “ಇದು ಯಾರೆಂದು ಹೇಳುವಿರಾ?” ಎಂದಷ್ಟೇ ಕೇಳಿದೆವು. ಅಜ್ಜನ ನಿಜ ಫೋಟೊವನ್ನು ಐವರೂ ಗುರುತಿಸಿದರು. ರಚಿತ ಚಿತ್ರವನ್ನು ಇಬ್ಬರು ಅಜ್ಜನೆಂದರು, ಇಬ್ಬರು ತಮ್ಮನೆಂದರು, ಒಬ್ಬರು ಗೊತ್ತಾಗುವುದಿಲ್ಲವೆಂದರು.

ಇಷ್ಟಾದ ಮೇಲೆಯೇ ಅಂಕದ ಸರದಿ. ಮುಖವನ್ನು ಹೋಲಿಸುವ ಆರ್ಕ್‌ಫೇಸ್ ಎಂಬ ಮಾದರಿಯನ್ನು ಬಳಸುವಾಗ ಎರಡು ಕಣ್ಣು, ಮೂಗಿನ ತುದಿ ಮತ್ತು ಬಾಯಿಯ ಎರಡು ಕೊನೆಗಳನ್ನು ಹಿಡಿದು ಮುಖವನ್ನು ನೇರಗೊಳಿಸಿ, 112×112 ಪಿಕ್ಸೆಲ್‌ಗೆ ಕತ್ತರಿಸಲಾಗುತ್ತದೆ. ಆ ತುಣುಕನ್ನು ಮಾದರಿಯು 512 ಸಂಖ್ಯೆಗಳ ಒಂದು ಸಾಲಾಗಿ ಪರಿವರ್ತಿಸುತ್ತದೆ. ಎರಡು ಮುಖಗಳ ಸಾಲುಗಳು ಒಂದೇ ದಿಕ್ಕಿಗೆ ಮುಖಮಾಡಿದಷ್ಟೂ ಅವುಗಳ ನಡುವಿನ ‘ದೂರ’ ಸೊನ್ನೆಗೆ ಹತ್ತಿರವಾಗುತ್ತದೆ. ಸಂಬಂಧವಿಲ್ಲದವರ ನಡುವೆ ಅದು ಒಂದರ ಆಸುಪಾಸಿನಲ್ಲಿರುತ್ತದೆ. ಡೀಪ್‌ಫೇಸ್ ಎಂಬ ಉಚಿತ ಪೈಥಾನ್ ಸಾಧನದಲ್ಲಿ ಇದಕ್ಕೆ ಇಷ್ಟು ಬರೆದರೆ ಸಾಕು:

```python
from deepface import DeepFace
r = DeepFace.verify("rachita.jpg", "passbook.jpg",
                    model_name="ArcFace",
                    detector_backend="retinaface")
print(r["distance"], r["threshold"], r["verified"])
```

ಆರ್ಕ್‌ಫೇಸಿಗೆ ಈ ಸಾಧನ ಇಟ್ಟಿರುವ ಗಡಿ 0.68. ದೂರ ಅದಕ್ಕಿಂತ ಕಡಿಮೆಯಾದರೆ ‘ಒಬ್ಬರೇ’ ಎಂದು ತೀರ್ಪು ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮ ಚಿತ್ರಕ್ಕೂ ಮೂಲದ ಗುಂಪುಫೋಟೊಕ್ಕೂ ನಡುವಣ ದೂರ 0.24 ಬಂತು, ಮನೆಯವರು ಸಂತೋಷಪಟ್ಟರು. ಆದರೆ ಆ ಫೋಟೊದಿಂದಲೇ ಹುಟ್ಟಿದ ಚಿತ್ರ ಅದಕ್ಕೆ ಹತ್ತಿರವಿರುವುದರಲ್ಲಿ ವಿಶೇಷವಿಲ್ಲ. ತೋರಿಸದೆ ಇಟ್ಟ ಮೂರು ಫೋಟೊಗಳೊಂದಿಗೆ ಹೋಲಿಸಿದಾಗ 0.60, 0.63, 0.67 ಬಂದವು. ಮೂರೂ ಗಡಿಯ ಒಳಗೇ ಇದ್ದುದರಿಂದ ಸಾಧನ ಮೂರು ಸಲವೂ ‘ಒಬ್ಬರೇ’ ಎಂದಿತು.

ಈ ಅಂಕಗಳ ಅರ್ಥ ತಿಳಿಯಬೇಕಾದರೆ ಮೊದಲು ಅಳತೆಗೋಲನ್ನು ನಾವೇ ಮಾಡಿಕೊಳ್ಳಬೇಕು. ಅಜ್ಜನ ಮೂರು ನಿಜ ಫೋಟೊಗಳನ್ನು ಪರಸ್ಪರ ಹೋಲಿಸಿದಾಗ 0.38ರಿಂದ 0.52ರ ವರೆಗೆ ಬಂತು. ಅವನ್ನು ತಮ್ಮನ ಫೋಟೊಗಳೊಂದಿಗೆ ಹೋಲಿಸಿದಾಗ 0.66ರಿಂದ 0.79. ಅಂದರೆ ಒಂದು ಜೋಡಿಯಲ್ಲಿ ಅಣ್ಣ ತಮ್ಮಂದಿರನ್ನೂ ಸಾಧನ ಒಬ್ಬರೆಂದೇ ಒಪ್ಪಿತ್ತು. ಎಲ್ಲರಿಗೂ ಒಂದೇ ಎಂಬಂತೆ ಇಟ್ಟ ಗಡಿ ಒಂದೇ ರಕ್ತದ ಮುಖಗಳ ನಡುವೆ ಇಷ್ಟು ಸೂಕ್ಷ್ಮವಾಗಿ ಕೆಲಸ ಮಾಡುವುದಿಲ್ಲ. ನಮ್ಮ ಚಿತ್ರ ಅಜ್ಜನ ನಿಜ ಫೋಟೊಗಳ ವ್ಯಾಪ್ತಿಯ ಹೊರಗೆ, ತಮ್ಮನ ವ್ಯಾಪ್ತಿಯ ಅಂಚಿನಲ್ಲಿ ನಿಂತಿತ್ತು. ನೇರವಾಗಿ ತಮ್ಮನ ಫೋಟೊಗಳೊಂದಿಗೇ ಹೋಲಿಸಿದಾಗ ಬಂದದ್ದು 0.55 ಮತ್ತು 0.58, ಅಜ್ಜನಿಗಿಂತ ಹತ್ತಿರ. ಅಜ್ಜಿ ಕಣ್ಣಳತೆಯಲ್ಲಿ ಹೇಳಿದ್ದು ನಿಜವಾಗಿತ್ತು.

ಕಾರಣವನ್ನು ಹುಡುಕಿದಾಗ ಕಣ್ಣುಗಳಲ್ಲಿ ಸಿಕ್ಕಿತು. ಮಸುಕಾದ ಗುಂಪುಫೋಟೊದಲ್ಲಿ ಮೇಲ್ರೆಪ್ಪೆಯ ಗೆರೆ ಇರಲೇ ಇಲ್ಲ. ಇಲ್ಲದ್ದನ್ನು ತಂತ್ರಾಂಶ ತಾನು ಕಲಿತ ಸಾಮಾನ್ಯ ಮುಖಗಳಿಂದ ತುಂಬಿತು. ಅಜ್ಜನ ಇಳಿಬಿದ್ದ ರೆಪ್ಪೆಯ ಜಾಗದಲ್ಲಿ ತಮ್ಮನಿಗಿದ್ದಂತಹ ಅಗಲವಾದ ಕಣ್ಣು ಬಂದಿತ್ತು. ಮೂಲ ಪ್ರತಿಯನ್ನು 1200 ಡಿಪಿಐಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ತಂತ್ರಾಂಶಕ್ಕೆ ಬದಲಾವಣೆ ಮಾಡುವ ಸ್ವಾತಂತ್ರ್ಯವನ್ನು ಕಡಿಮೆ ಮಾಡಿ ರಚಿಸಿದ ಎರಡನೆಯ ಚಿತ್ರಕ್ಕೆ, ಬದಿಗಿಟ್ಟ ಫೋಟೊಗಳೊಂದಿಗೆ 0.44, 0.47, 0.51 ಬಂತು, ತಮ್ಮನಿಂದ ಅದು 0.70ರಾಚೆಗೆ ಸರಿಯಿತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಮುಖದ ಹೋಲಿಕೆಯನ್ನು ಉಳಿಸಿಕೊಳ್ಳಲೆಂದೇ ಮಾಡಿದ ಕೆಲವು ಸಾಧನಗಳು, ಉದಾಹರಣೆಗೆ ಐಪಿ-ಅಡಾಪ್ಟರ್ ಫೇಸ್‌ಐಡಿ, ಚಿತ್ರ ರಚಿಸುವಾಗಲೇ ಆರ್ಕ್‌ಫೇಸ್ ಜಾತಿಯ ಸಂಖ್ಯೆಗಳನ್ನು ಆಧಾರವಾಗಿ ಬಳಸುತ್ತವೆ. ಅಂತಹ ಚಿತ್ರವನ್ನು ಮತ್ತೆ ಆರ್ಕ್‌ಫೇಸಿನಿಂದಲೇ ಅಳೆದರೆ ಅಂಕ ಇರಬೇಕಾದುದಕ್ಕಿಂತ ಚೆನ್ನಾಗಿ ಬರುತ್ತದೆ. ಆದ್ದರಿಂದ ಫೇಸ್‌ನೆಟ್‌ನಂತಹ ಬೇರೊಂದು ಮಾದರಿಯಿಂದಲೂ ಅಳೆಯಬೇಕು. `Facenet512`ಗೆ ಡೀಪ್‌ಫೇಸ್‌ನಲ್ಲಿರುವ ಗಡಿ 0.30 ಆದುದರಿಂದ ಒಂದರ ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬಾರದು. ಅಳತೆಗೋಲನ್ನು ಮತ್ತೆ ಮೊದಲಿನಿಂದ ಮಾಡಿಕೊಳ್ಳಬೇಕು.

ಎರಡನೆಯ ಚಿತ್ರವನ್ನು ಕಂಡ ಅಜ್ಜಿ ತಕ್ಷಣ ಗುರುತಿಸಿದರು. ಆದರೆ “ಎಡಕೆನ್ನೆಯ ಮಚ್ಚೆ ಎಲ್ಲಿ ಹೋಯಿತು?” ಎಂದು ಕೇಳಿದರು. ತಂತ್ರಾಂಶ ಅದನ್ನು ಹಳೆಯ ಫೋಟೊದ ಕಲೆಯೆಂದು ತಿಳಿದು ಅಳಿಸಿತ್ತು. ಮಚ್ಚೆಯನ್ನು ಸೇರಿಸಿ ಮತ್ತೆ ಅಳೆದಾಗ ಅಂಕ 0.01ರಷ್ಟೂ ಬದಲಾಗಲಿಲ್ಲ. ಚಿತ್ರವನ್ನು ಎಡಬಲ ತಿರುಗಿಸಿ ಮಚ್ಚೆ ಬಲಕ್ಕೆ ಬಂದಾಗಲೂ ಅಂಕ ಬಹುತೇಕ ಅಷ್ಟೇ ಇತ್ತು, ಏಕೆಂದರೆ ಇಂತಹ ಮಾದರಿಗಳಿಗೆ ತರಬೇತಿಯ ವೇಳೆಯಲ್ಲಿ ತಿರುಗಿಸಿದ ಮುಖಗಳನ್ನೂ ಅದೇ ವ್ಯಕ್ತಿಯದೆಂದು ಕಲಿಸಿರುತ್ತಾರೆ. ಮಚ್ಚೆ, ಬೈತಲೆಯ ದಿಕ್ಕು ಮತ್ತು ಕತ್ತರಿಸುವಾಗ ಹೆಚ್ಚಿನ ಭಾಗ ಬಿಟ್ಟುಹೋಗುವ ಕಿವಿಯ ಆಕಾರ, ಇವನ್ನು ನಿಜ ಫೋಟೊಗಳ ಪಕ್ಕದಲ್ಲಿಟ್ಟು ಕಣ್ಣಿನಿಂದಲೇ ಒಂದೊಂದಾಗಿ ತಾಳೆ ನೋಡಬೇಕು. ಮಚ್ಚೆ ಎಡಕೆನ್ನೆಗೆ ಮರಳಿದ ಪ್ರತಿ ಈಗ ಚಾವಡಿಯಲ್ಲಿದೆ. ಅದನ್ನು ಯಾವ ಫೋಟೊದಿಂದ, ಯಾವ ವರ್ಷ ರಚಿಸಲಾಯಿತೆಂದು ಚೌಕಟ್ಟಿನ ಹಿಂಬದಿಯಲ್ಲಿ ಬರೆಸಿದ್ದೇವೆ.