ಪಾಲು ಎಷ್ಟು, ಯಾವುದರ ಮೇಲೆ: ಬ್ಯಾಂಡ್ ಮ್ಯಾನೇಜರ್‌ನ ಲೆಕ್ಕ

ಹುಬ್ಬಳ್ಳಿ-ಧಾರವಾಡದಾಗ ಬ್ಯಾಂಡುಗಳ ಕಾರ್ಯಕ್ರಮ ಗೊತ್ತು ಮಾಡುವವರ ಕಿವಿಗೆ ಮೇಲಿಂದ ಮೇಲೆ ಬೀಳುವ ಮಾತು: "ನೋಡ್ರಿ ಸರ, ಗೇಟ್ ಕಲೆಕ್ಷನ್‌ದಾಗ ನಿಮಗ ಎಪ್ಪತ್ತು ಪರ್ಸೆಂಟ್ ಕೊಡ್ತೀವಿ." ಆಗ ನಾನು ಕೇಳುವ ಪ್ರಶ್ನೆ ಒಂದೇ. ಎಪ್ಪತ್ತು ಪರ್ಸೆಂಟ್ ಖರ್ಚು ತೆಗೆದ ಮೇಲೋ, ತೆಗೆಯುವ ಮೊದಲೋ? ಮ್ಯಾನೇಜರ್‌ನ ಕೆಲಸದಲ್ಲಿ ಬುಕಿಂಗ್‌ನಿಂದ ಹಿಡಿದು, ಹಾಡು ಬಿಡುಗಡೆ ಮಾಡುವ ಲೇಬಲ್ ಕಂಪನಿಯ ಒಪ್ಪಂದದವರೆಗೆ ಬಹಳಷ್ಟು ಜಗಳ ಈ ಒಂದು ಪ್ರಶ್ನೆಯನ್ನು ಸಮಯಕ್ಕೆ ಕೇಳದೆ ಹುಟ್ಟಿದ್ದು.

ಒಂದು ಲೆಕ್ಕ ಹಾಕೋಣ. 400 ಸೀಟಿನ ಸಭಾಭವನ, ಟಿಕೆಟ್ 300 ರೂಪಾಯಿ, ಮಾರಾಟವಾದದ್ದು 320. ತೆರಿಗೆ ಬದಿಗಿಟ್ಟರೆ ಒಟ್ಟು 96,000. ಭವನದ ಬಾಡಿಗೆ, ಸೌಂಡ್, ಲೈಟ್, ಪೋಸ್ಟರ್, ಟಿಕೆಟ್ ಪೋರ್ಟಲ್‌ನ ಕಮಿಷನ್ ಸೇರಿ ಆಯೋಜಕರ ಖರ್ಚು 60,000 ಎಂದುಕೊಳ್ಳಿ. ಖರ್ಚು ಕಳೆದು ಉಳಿದ 36,000ದಲ್ಲಿ ಶೇ 70 ಅಂದರೆ ಬ್ಯಾಂಡಿಗೆ 25,200. ಅದೇ ಒಟ್ಟು ಗಲ್ಲೆಯ ಮೇಲೆ ಬರೀ ಶೇ 30 ಅಂದಿದ್ದರೆ 28,800. ಮೂವತ್ತು ಎಪ್ಪತ್ತಕ್ಕಿಂತ ದೊಡ್ಡದಾಯಿತು. ಆಯೋಜಕರು ಸೌಂಡಿನ ಬಿಲ್ಲಿಗೆ ಇನ್ನೊಂದು 10,000 ಸೇರಿಸಿದರೆ ಶೇ 70ರ ಪಾಲು 18,200ಕ್ಕೆ ಇಳಿಯುತ್ತದೆ; ಶೇ 30ರ ಪಾಲು ಒಂದು ರೂಪಾಯಿಯೂ ಕದಲುವುದಿಲ್ಲ.

ಹಾಗಂತ ಯಾವಾಗಲೂ ಒಟ್ಟು ಗಲ್ಲೆಯ ಮೇಲಿನ ಪಾಲೇ ಲಾಭ ಅಂತಲ್ಲ. ಇದೇ ಲೆಕ್ಕದಲ್ಲಿ 350 ಟಿಕೆಟ್‌ಗೆ ಎರಡೂ ಸಮ ಆಗುತ್ತವೆ. ಅದಕ್ಕಿಂತ ಹೆಚ್ಚು ಮಾರಿದರೆ ಖರ್ಚು ಕಳೆದ ಶೇ 70 ಮೇಲಾಗುತ್ತದೆ. ಹೌಸ್‌ಫುಲ್ ಆದರೆ 42,000 ವಿರುದ್ಧ 36,000. ಹಾಗಾಗಿ ಊರಿನಲ್ಲಿ ಬ್ಯಾಂಡಿಗೆ ಎಷ್ಟು ಜನ ಬಂದಾರು ಅನ್ನುವ ಅಂದಾಜು ಕೈಯಲ್ಲಿರಬೇಕು. ಹೊಸ ಊರಿನಲ್ಲಿ ಅದು ಇರುವುದಿಲ್ಲ. ಅಲ್ಲಿ ನಾನು ಒತ್ತಾಯಿಸುವುದು "20,000 ಖಾತ್ರಿ, ಅಥವಾ ಒಟ್ಟು ಗಲ್ಲೆಯ ಶೇ 30, ಯಾವುದು ಹೆಚ್ಚೋ ಅದು" ಎಂಬ ಕರಾರಿಗೆ. 150 ಟಿಕೆಟ್ ಮಾತ್ರ ಹೋದರೂ ಇಪ್ಪತ್ತು ಸಾವಿರ ಸಿಗುತ್ತದೆ. 223ನೇ ಟಿಕೆಟ್‌ನಿಂದ ಪಾಲು ಮೇಲೇರುತ್ತದೆ. ಖರ್ಚು ಕಳೆಯುವ ಕರಾರಿಗೇ ಒಪ್ಪಬೇಕಾಗಿ ಬಂದರೆ ಖರ್ಚಿನ ಪಟ್ಟಿಯನ್ನು ಮೊದಲೇ ಬರೆಸಿ, "ಇದಕ್ಕಿಂತ ಹೆಚ್ಚು ಕಳೆಯುವಂತಿಲ್ಲ" ಎಂದು ಮೇಲ್ಮಿತಿ ಹಾಕಿಸಿ.

ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಮ್ಯಾನೇಜರ್ ಪೀಟರ್ ಗ್ರಾಂಟ್ 1970ರ ದಶಕದಲ್ಲಿ ಗೇಟ್ ಹಣದ ಶೇ 90 ಬ್ಯಾಂಡಿಗೆ, ಶೇ 10 ಶೋ ಆಯೋಜಿಸುವ ಪ್ರಮೋಟರ್‌ಗೆ ಎಂದು ಹಟ ಹಿಡಿದು ಅಮೆರಿಕದ ಸಂಗೀತ ವ್ಯವಹಾರದ ಪದ್ಧತಿಯನ್ನೇ ಬದಲಿಸಿದರು. ಅದು ಬರೀ ಗದರಿಕೆಯಿಂದ ಆದದ್ದಲ್ಲ. ಪ್ರಮೋಟರ್ ಪಾಲು ಕೇಳುವುದು ಕುರ್ಚಿ ಖಾಲಿ ಉಳಿದಾವು ಎಂಬ ಅಪಾಯ ಹೊತ್ತದ್ದಕ್ಕೆ. ಬ್ಯಾಂಡಿನ ಹೆಸರಿಗೇ ಟಿಕೆಟ್ ಖರ್ಚಾಗುವಾಗ ಆ ಅಪಾಯವೇ ಇಲ್ಲ, ಅದಕ್ಕೆ ತಕ್ಕಂತೆ ಪಾಲೂ ಇಳಿಯಬೇಕು ಎಂಬುದು ಆ ಹಟದ ಹಿಂದಿನ ತರ್ಕ. ನಮ್ಮಲ್ಲೂ ಹಿಂದಿನ ಶೋ ತುಂಬಿದ ಊರಿಗೆ ಎರಡನೇ ಸಲ ಹೋಗುವಾಗ ಹಳೇ ದರಕ್ಕೇ ಒಪ್ಪುವ ಬ್ಯಾಂಡುಗಳಿವೆ. ಅದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ.

ಇನ್ನು ಪ್ರವಾಸ. ಮೊದಲು ಗಟ್ಟಿ ಹಣ ಕೊಡುವ ಒಂದು ತಾರೀಖು ಹಿಡಿದು, ಆಮೇಲೆ ದಾರಿಯ ಮೇಲಿನ ಊರುಗಳನ್ನು ಹುಡುಕಬೇಕು. ಬೆಂಗಳೂರಿನಲ್ಲಿ ಶನಿವಾರ 60,000ಕ್ಕೆ ಒಂದು ಶೋ ಗೊತ್ತಾಗಿದೆ ಅನ್ನಿ. ಹುಬ್ಬಳ್ಳಿಯಿಂದ ಹೋಗುವ ದಾರಿಯಲ್ಲಿ ಶುಕ್ರವಾರ ದಾವಣಗೆರೆಯ ಕಾಲೇಜು ಫೆಸ್ಟ್ 40,000, ಬರುವಾಗ ಭಾನುವಾರ ಹಾವೇರಿ 30,000. ಒಟ್ಟು 1,30,000. ಐವರು ಕಲಾವಿದರು, ಒಬ್ಬ ಸೌಂಡ್ ಎಂಜಿನಿಯರ್, ಮ್ಯಾನೇಜರ್, ಹೀಗೆ ಏಳು ಜನ. ಟೆಂಪೋ ಟ್ರಾವೆಲರ್ 900 ಕಿ.ಮೀ. ಓಡುತ್ತದೆ, ಡ್ರೈವರ್ ಭತ್ಯೆ, ಟೋಲ್ ಸೇರಿ 27,000. ಎರಡು ರಾತ್ರಿಯ ಲಾಡ್ಜ್ 12,000, ಊಟ-ಚಹಾ 10,500, ಎಂಜಿನಿಯರ್ ಸಂಭಾವನೆ 12,000, ತಂತಿ-ಕೇಬಲ್-ಇತರೆ 2,500. ಎಲ್ಲ ಕೂಡಿ 64,000. ಬರೀ ಬೆಂಗಳೂರು ಶೋಗೆ ಹೋಗಿ ಬಂದರೂ ಗಾಡಿಯ ಖರ್ಚು ಹೆಚ್ಚು ಕಡಿಮೆ ಆ 27,000ವೇ. ದಾವಣಗೆರೆ ಮತ್ತು ಹಾವೇರಿ ಸೇರಿಸುವುದರ ಅರ್ಥ ಅಲ್ಲಿದೆ. ಆದರೆ ಬೆಂಗಳೂರಿನಿಂದ ಹಾವೇರಿ ಸುಮಾರು 335 ಕಿ.ಮೀ.; ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್ ಆಗಬೇಕಾದರೆ ಬೆಳಿಗ್ಗೆ ಎಂಟರ ಒಳಗೆ ಗಾಡಿ ಹೊರಡಲೇಬೇಕು. ಶನಿವಾರ ರಾತ್ರಿ ಸಾಮಾನು ಕಟ್ಟುವಾಗ ಇದನ್ನು ನೆನಪಿಡದಿದ್ದರೆ ಭಾನುವಾರದ ಶೋ ಹಾಳು.

ಈ 1,30,000ದಲ್ಲಿ ಮ್ಯಾನೇಜರ್‌ಗೆ ಎಷ್ಟು? ಶೇ 15 ಎಂದು ಒಪ್ಪಿದ್ದರೂ ಮತ್ತದೇ ಪ್ರಶ್ನೆ. ಒಟ್ಟು ಹಣದ ಮೇಲೆ ಎಂದರೆ 19,500. ಆಗ ಕಲಾವಿದರಿಗೆ ಉಳಿಯುವುದು 46,500, ತಲಾ 9,300. ವೇದಿಕೆ ಮೇಲೆ ಬೆವರು ಸುರಿಸಿದವರಿಗಿಂತ ಮ್ಯಾನೇಜರ್‌ಗೆ ಎರಡು ಪಟ್ಟು ಸಿಕ್ಕಂತಾಯಿತು. ಖರ್ಚು ಕಳೆದು ಉಳಿದ 66,000ದ ಮೇಲೆ ಎಂದರೆ 9,900. ಕಲಾವಿದರಿಗೆ ತಲಾ 11,220. ಲೈವ್ ಶೋಗಳಿಗೆ ನಾನು ಎರಡನೆಯದನ್ನೇ ಒಪ್ಪಿಕೊಳ್ಳುವುದು. ಇದರಿಂದ ಗಾಡಿ, ಲಾಡ್ಜ್ ದುಬಾರಿಯಾದಷ್ಟೂ ಮ್ಯಾನೇಜರ್‌ಗೂ ನಷ್ಟ, ಖರ್ಚಿನ ಮೇಲೆ ತಾನಾಗಿ ಹಿಡಿತ ಇರುತ್ತದೆ. ಪಾಲು ಹದ್ದು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ವಿಸ್ ಪ್ರೀಸ್ಲಿ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಉದಾಹರಣೆ. ಅವರ ಪಾಲು ಶೇ 50ರವರೆಗೆ ಹೋಗಿತ್ತು. ಎಲ್ವಿಸ್ ತೀರಿಹೋದ ಮೇಲೆ, 1980ರ ದಶಕದ ಆರಂಭದಲ್ಲಿ, ಮೆಂಫಿಸ್‌ನ ನ್ಯಾಯಾಲಯ ನೇಮಿಸಿದ ವಕೀಲರು ಅದು ಮಿತಿಮೀರಿದ್ದು ಎಂದೇ ವರದಿ ಕೊಟ್ಟರು.

ತಾರೀಖು ಹಿಡಿದ ದಿನವೇ ಅರ್ಧ ಹಣ ಸಂಚಕಾರ, ಉಳಿದದ್ದು ಸೌಂಡ್ ಚೆಕ್‌ಗೆ ಮೊದಲು. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವದ ಕಮಿಟಿಗಳಲ್ಲಿ ಇದನ್ನು ಸಡಿಲ ಬಿಡಬಾರದು. ಕಾರಣ ಸರಳ. ಸಭಾ ಕಾರ್ಯಕ್ರಮ, ಸನ್ಮಾನ, ಭಾಷಣ ಎಲ್ಲ ಮುಗಿದು ವೇದಿಕೆ ಸಿಗುವಾಗ ಒಂಬತ್ತೂವರೆ. ಧ್ವನಿವರ್ಧಕದ ನಿಯಮದಂತೆ ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು. ಸರ್ಕಾರ ವಿಶೇಷವಾಗಿ ಅನುಮತಿಸಿದ ಕೆಲವೇ ದಿನ ಮಾತ್ರ ಹನ್ನೆರಡರವರೆಗೆ ಅವಕಾಶ. ಪೊಲೀಸರು ಬಂದು ನಿಲ್ಲಿಸಿದರೆ "ಅರ್ಧ ತಾಸು ಹಾಡಿದ್ರಿ, ಪೂರ್ತಿ ರೊಕ್ಕ ಹ್ಯಾಂಗ ಕೊಡೋದ್ರಿ" ಎಂಬ ಮಾತು ಬರುತ್ತದೆ. ಅದಕ್ಕೇ ಕರಾರಿನಲ್ಲಿ ಒಂದು ಸಾಲು: ವೇದಿಕೆಯನ್ನು 7.30ಕ್ಕೆ ಬಿಟ್ಟುಕೊಡಬೇಕು, ಆಯೋಜಕರಿಂದ ತಡವಾಗಿ ಹಾಡುಗಾರಿಕೆ ಮೊಟಕಾದರೆ ಸಂಭಾವನೆ ಕಡಿಯುವಂತಿಲ್ಲ.

ಟಿಕೆಟ್ ಶೋ ಇದ್ದರೆ ಅದೇ ರಾತ್ರಿ ಲೆಕ್ಕ ಮುಗಿಸಬೇಕು. ಕೌಂಟರಿಗೆ ಕೊಟ್ಟ ಟಿಕೆಟ್ ಪುಸ್ತಕಗಳ ಮೊದಲ ಮತ್ತು ಕೊನೆಯ ನಂಬರನ್ನು ಗೇಟ್ ತೆರೆಯುವ ಮೊದಲೇ ಬರೆದುಕೊಂಡಿರುತ್ತೇನೆ. ಶೋ ನಡೆಯುತ್ತಿರುವಾಗಲೇ ಹರಿಯದೆ ಉಳಿದ ಮೊದಲ ಟಿಕೆಟ್‌ನ ನಂಬರ್ ನೋಡಿಕೊಂಡು, ಆನ್‌ಲೈನ್ ಪೋರ್ಟಲ್‌ನ ಮಾರಾಟದ ವರದಿಯನ್ನು ಆಯೋಜಕರ ಫೋನಿನಲ್ಲೇ ತೆಗೆಸಿ, ಎರಡನ್ನೂ ಕೂಡಿಸುತ್ತೇನೆ. ಆಮೇಲೆ ಸೀಟಿನ ಸಾಲು ಎಣಿಸಬೇಕು. ಭವನದಲ್ಲಿ 370 ಜನ ಕೂತಿದ್ದು ಟಿಕೆಟ್ 320 ಇದ್ದರೆ ಉಳಿದ ಐವತ್ತು ಪಾಸಿನವರು. ಪಾಸ್ ಎಷ್ಟು ಎಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಪ್ರಾಯೋಜಕರ ಮನೆಮಂದಿಯೆಲ್ಲ ಬ್ಯಾಂಡಿನ ಖರ್ಚಿನಲ್ಲಿ ಬಂದಂತೆ. ನಾನು ಇಪ್ಪತ್ತು ಎಂದು ಬರೆಸುತ್ತೇನೆ, ಅದಕ್ಕಿಂತ ಹೆಚ್ಚಿನದನ್ನು ಮಾರಿದ ಟಿಕೆಟ್ ಎಂದೇ ಹಿಡಿಯುತ್ತೇವೆ.

ಲೇಬಲ್ ಜೊತೆಗಿನ ಮಾತುಕತೆಗೂ ಇದೇ ಅಳತೆ. ಒಂದು ಆಫರ್: ಮೂರು ಲಕ್ಷ ಮುಂಗಡ, ಬಂದ ಹಣದಲ್ಲಿ ಬ್ಯಾಂಡಿಗೆ ಶೇ 20. ಲೇಬಲ್ ವಿಡಿಯೋಗೆ ನಾಲ್ಕು ಲಕ್ಷ, ಪ್ರಚಾರಕ್ಕೆ ಒಂದು ಲಕ್ಷ ಹಾಕುತ್ತದೆ. ಈ ಎಂಟು ಲಕ್ಷವೂ "ಬ್ಯಾಂಡಿನ ಪಾಲಿನಿಂದ ಮುರಿದುಕೊಳ್ಳತಕ್ಕದ್ದು" ಎಂದಿದ್ದರೆ, ಲೇಬಲ್‌ಗೆ 40 ಲಕ್ಷ ಬರುವತನಕ ಬ್ಯಾಂಡಿಗೆ ಮುಂಗಡದ ಮೇಲೆ ಪೈಸೆ ಬರುವುದಿಲ್ಲ. ಮುಂಗಡ ಮಾತ್ರ ಮುರಿದುಕೊಳ್ಳುವಂತಿದ್ದರೆ 15 ಲಕ್ಷಕ್ಕೆ ಬಾಕಿ ತೀರುತ್ತದೆ. ವಿಡಿಯೋ-ಪ್ರಚಾರದ ಐದು ಲಕ್ಷವನ್ನು ಒಟ್ಟು ಆದಾಯದಿಂದ ಮೊದಲು ತೆಗೆದು, ಉಳಿದದ್ದನ್ನು ಸಮಪಾಲು ಮಾಡಿದರೆ 11 ಲಕ್ಷಕ್ಕೇ ತೀರುತ್ತದೆ. ಮುಂಗಡ ಮೂರೂ ಕಡೆ ಒಂದೇ. ಮುಂಗಡ ಹೆಚ್ಚಿಸಿ ಎಂದು ತಿಂಗಳುಗಟ್ಟಲೆ ಎಳೆದಾಡುವುದಕ್ಕಿಂತ ಈ ಒಂದು ಸಾಲನ್ನು ತಿದ್ದಿಸುವುದಕ್ಕೆ ಶಕ್ತಿ ಹಾಕಬೇಕು. ಹಾಗೆಯೇ ಹಾಡಿನ ಮೂಲ ಧ್ವನಿಮುದ್ರಣವಾದ ಮಾಸ್ಟರ್ ರೆಕಾರ್ಡಿಂಗನ್ನು ಪೂರ್ತಿ ಬರೆದುಕೊಡುವ ಬದಲು ಇಂತಿಷ್ಟು ವರ್ಷದ ಪರವಾನಗಿ ಕೊಟ್ಟು, ಆಮೇಲೆ ವಾಪಸ್ ಬರುವಂತೆ ಮಾಡಿ. ನಮ್ಮ ಕಾನೂನಿನಲ್ಲಿ ಹಕ್ಕು ವರ್ಗಾವಣೆಯ ಪತ್ರ ಅವಧಿಯನ್ನು ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದೇ ಅರ್ಥ. ಅದಕ್ಕೇ ಲೇಬಲ್‌ನವರು "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಬರೆದಿರುತ್ತಾರೆ. ಆ ಪದಗಳನ್ನು ಹುಡುಕಿ.

ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಲೇಬಲ್‌ಗೆ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಸಹಿ ಮಾಡಿದರೂ ಆ ಕರಾರು ಊರ್ಜಿತವಲ್ಲ. ಆದರೆ ಈ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯತ್ವ ಪಡೆದು, ಪ್ರತಿ ಹಾಡನ್ನೂ ಯಾರದು ಎಷ್ಟು ಪಾಲು ಎಂದು ನೋಂದಾಯಿಸದಿದ್ದರೆ ಅಲ್ಲಿಂದ ಬರಬೇಕಾದ ಹಣ ಕೈಗೆ ಬರುವುದಿಲ್ಲ. ಪಾಲು ಯಾರಿಗೆಷ್ಟು ಎಂಬುದನ್ನು ರೆಕಾರ್ಡಿಂಗ್ ಮುಗಿದ ವಾರವೇ ಐವರೂ ಸಹಿ ಮಾಡಿದ ಹಾಳೆಯಲ್ಲಿ ಬರೆದಿಡಿಸುತ್ತೇನೆ. ಹಾಡು ಓಡತೊಡಗಿದ ಮೇಲೆ ಎಲ್ಲರಿಗೂ ತಾವೇ ರಾಗ ಹಾಕಿದ ನೆನಪಿರುತ್ತದೆ.

ಈ ಭಾಗದ ಬ್ಯಾಂಡುಗಳು ಶರೀಫರ ಪದ, ಬೇಂದ್ರೆಯವರ ಕವಿತೆ ಹಾಡದೆ ಇರುವುದು ವಿರಳ. ಇವೆರಡರ ಲೆಕ್ಕ ಬೇರೆ ಬೇರೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಆದರೆ ಎಲ್ಲರ ಬಾಯಲ್ಲಿರುವ ಧಾಟಿ ಸಿ. ಅಶ್ವಥ್ ಅವರು ಹಾಕಿದ್ದಾದರೆ ಆ ರಾಗಕ್ಕೆ ಹಕ್ಕುದಾರರಿದ್ದಾರೆ. ಬಿಡುಗಡೆಗೆ ಮೊದಲು ಪರವಾನಗಿ ಬೇಕು, ಇಲ್ಲವೇ ಸ್ವಂತ ಧಾಟಿ ಕಟ್ಟಬೇಕು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಮರಣದ ಮುಂದಿನ ವರ್ಷದಿಂದ 60 ವರ್ಷ ಎಂಬ ನಿಯಮದಂತೆ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ, ಸ್ವಂತ ಧಾಟಿ ಕಟ್ಟಿದರೂ ಸಾಹಿತ್ಯಕ್ಕೆ ಲಿಖಿತ ಅನುಮತಿ ಬೇಕು. ಲೇಬಲ್ ಒಪ್ಪಂದದಲ್ಲಿ "ಹಾಡು ಬೇರೆ ಯಾರ ಹಕ್ಕಿಗೂ ಧಕ್ಕೆ ತರುವುದಿಲ್ಲ, ತಂದರೆ ನಷ್ಟ ಬ್ಯಾಂಡೇ ಭರಿಸತಕ್ಕದ್ದು" ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅನುಮತಿ ಪತ್ರ ಕೈಯಲ್ಲಿಲ್ಲದೆ ಅದಕ್ಕೆ ಸಹಿ ಹಾಕಿಸುವ ಮ್ಯಾನೇಜರ್ ಬ್ಯಾಂಡನ್ನು ಬಾವಿಗೆ ತಳ್ಳಿದಂತೆ.

ಕೊನೆಗೆ ಮ್ಯಾನೇಜರ್‌ನ ಜೊತೆಗಿನ ಒಪ್ಪಂದವೇ. ಬೀಟಲ್ಸ್‌ ಬ್ಯಾಂಡಿನ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಅವರು 1967ರ ಆರಂಭದಲ್ಲಿ ರೆಕಾರ್ಡ್ ಕಂಪನಿ ಇಎಂಐ ಜೊತೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ, ರೆಕಾರ್ಡ್ ರಾಯಧನದ ಶೇ 25 ತಮ್ಮ ಕಂಪನಿಗೆ ಒಂಬತ್ತು ವರ್ಷ ಹೋಗುವಂತಾಯಿತು. ಅದೇ ಆಗಸ್ಟ್‌ನಲ್ಲಿ ಅವರು ತೀರಿಕೊಂಡರೂ ಆ ಸಾಲು ಜೀವಂತವಾಗಿ ಉಳಿದು ಬ್ಯಾಂಡಿನ ಮುಂದಿನ ವ್ಯಾಜ್ಯಗಳಲ್ಲಿ ತೊಡಕಾಯಿತು. ಹಾಗಾಗಿ ನನ್ನ ಕರಾರಿನಲ್ಲಿ ಬೇರೆಯಾಗುವ ಲೆಕ್ಕವೂ ಬರೆದಿರುತ್ತದೆ. ನಾವು ಬೇರೆಯಾದ ಮೇಲೆ, ನಾನಿದ್ದಾಗ ಸಹಿಯಾದ ಒಪ್ಪಂದಗಳಿಂದ ಮಾತ್ರ ಮೊದಲ ವರ್ಷ ಶೇ 15, ಎರಡನೇ ವರ್ಷ ಶೇ 7.5, ಮೂರನೇ ವರ್ಷದಿಂದ ಏನೂ ಇಲ್ಲ. ಬ್ಯಾಂಕ್ ಖಾತೆ ಬ್ಯಾಂಡಿನ ಹೆಸರಿನಲ್ಲೇ ಇರುತ್ತದೆ, ಹಣ ಮೊದಲು ಅಲ್ಲಿಗೆ ಬಂದು ನನ್ನ ಪಾಲು ಅಲ್ಲಿಂದ ನನಗೆ ಬರುತ್ತದೆ.